ಮಾಧ್ಯಸ್ಥ್ಯವೆಂದರೆ ದೂರ ಸರಿಯುವುದಲ್ಲ

ಜೈನ ಆಚಾರಪರಂಪರೆಯು ಪಾಪಸ್ಥಾನಗಳನ್ನು 18 ಎಂದು ಎಣಿಸುತ್ತದೆ. ಹಿಂಸೆ, ಅಸತ್ಯ, ಕಳವುಗಳಿಂದ ಆರಂಭವಾಗುವ ಈ ಪಟ್ಟಿಯಲ್ಲಿ ಸುಳ್ಳನ್ನು ಪ್ರತ್ಯೇಕವಾಗಿ ಹೇಳಿಯಾದ ಮೇಲೂ ಅಭ್ಯಾಖ್ಯಾನ, ಪೈಶುನ್ಯ, ಪರಪರಿವಾದ ಎಂಬ ಮೂರನ್ನು ಬೇರೆಬೇರೆಯಾಗಿ ಹೆಸರಿಸಲಾಗಿದೆ. ಇಲ್ಲದ ದೋಷವನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಅಭ್ಯಾಖ್ಯಾನ. ಇಲ್ಲಿಯ ಮಾತನ್ನು ಅಲ್ಲಿಗೆ ಒಯ್ದು ಚಾಡಿ ಹೇಳುವುದು ಪೈಶುನ್ಯ. ಎದುರಿಗಿಲ್ಲದವರ ಬಗ್ಗೆ ಹೀನಾಯವಾಗಿ ಆಡಿಕೊಳ್ಳುವುದು ಪರಪರಿವಾದ. ಸುಳ್ಳಾಡದೆಯೂ ಮಾತಿನಿಂದ ಪಾಪ ಮಾಡಲು ಸಾಧ್ಯವೆಂಬುದನ್ನು ನಮ್ಮ ಪೂರ್ವಾಚಾರ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು ಎಂಬುದಕ್ಕೆ ಈ ವಿಂಗಡಣೆಯೇ ಸಾಕ್ಷಿ.

ಈ ಮೂರೂ ಒಟ್ಟಿಗೆ ಕೆಲಸ ಮಾಡುವ ಜಾಗ ಯಾವುದೆಂದು ಕೇಳಿದರೆ, ಇಂದು ನಾವು ದಿನದ ಹೆಚ್ಚಿನ ಹೊತ್ತು ಕಳೆಯುವ ಉದ್ಯೋಗಸ್ಥಳವನ್ನೇ ತೋರಿಸಬೇಕಾಗುತ್ತದೆ. ಅದರಲ್ಲಿಯೂ ಐದಾರು ಮಂದಿಯ ಸಣ್ಣ ಗುಂಪು. ನೂರಾರು ಜನರ ಕಚೇರಿಯಲ್ಲಿ ಒಂದು ಮೇಜಿನವರು ಮುಖ ತಿರುಗಿಸಿದರೆ ಇನ್ನೊಂದು ಮೇಜಿನವರು ಸಿಕ್ಕಾರು. ಬೆಂಗಳೂರಿನ ಹಳೆಯ ಪೇಟೆಯೊಳಗಿನ ಮಾಮೂಲ್‌ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಆ ಅವಕಾಶವಿಲ್ಲ. ಗಲ್ಲಾಪೆಟ್ಟಿಗೆ, ಬಿಲ್ಲಿನ ಮೇಜು, ಸರಕಿನ ಅಟ್ಟ, ಪ್ಯಾಕಿಂಗ್ ಮಾಡುವ ಮೂಲೆ ಎಲ್ಲವೂ ಕೈಗೆಟಕುವ ದೂರದಲ್ಲಿರುವ ಕಡೆ, ಆರು ಮಂದಿ ಒಬ್ಬರನ್ನು ಬಿಟ್ಟರೆಂದರೆ ಆ ಒಬ್ಬರಿಗೆ ಬೇರೆ ಲೋಕವೇ ಉಳಿಯುವುದಿಲ್ಲ.

ಅಂಥ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಏಳು ಮಂದಿ ಕೆಲಸಗಾರರು: ಲೆಕ್ಕ ನೋಡುವ ಹಿರಿಯ ಗುಮಾಸ್ತರು, ಗಿರಾಕಿಗಳನ್ನು ನೋಡಿಕೊಳ್ಳುವ ಇಬ್ಬರು, ಕಂಪ್ಯೂಟರಿನಲ್ಲಿ ಬಿಲ್ಲು ಹಾಕುವ ಒಬ್ಬ ಹೆಣ್ಣುಮಗಳು, ಗೋದಾಮಿನ ಇಬ್ಬರು ಹುಡುಗರು, ಪ್ಯಾಕಿಂಗ್ ಮಾಡುವ ಒಬ್ಬರು. ಒಂದು ಮಧ್ಯಾಹ್ನ ಮಾಲೀಕರು ಬಿಲ್ಲು ಹಾಕುವವಳನ್ನು ಒಳಕೋಣೆಗೆ ಕರೆದು ಹತ್ತು ನಿಮಿಷ ಮಾತನಾಡುತ್ತಾರೆ. ಗಾಜಿನ ಬಾಗಿಲಿನಾಚೆ ಮಾಲೀಕರ ಹುಬ್ಬು ಗಂಟಿಕ್ಕಿದ್ದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅವಳು ಹೊರಗೆ ಬರುವಾಗ ಕಣ್ಣೊರೆಸಿಕೊಳ್ಳುತ್ತಾಳೆ. ಸಂಜೆಯ ಚಹಾದ ಹೊತ್ತಿಗೆ ಒಬ್ಬನು, ‘ಏನೋ ಲೆಕ್ಕದ ವಿಷಯ ಇರಬೇಕು’ ಎನ್ನುತ್ತಾನೆ. ಮರುದಿನ ಅದು ‘ಲೆಕ್ಕದಲ್ಲಿ ಏನೋ ಕಡಿಮೆ ಬಂದಿದೆಯಂತೆ’ ಎಂದಾಗುತ್ತದೆ. ಮೂರನೆಯ ದಿನಕ್ಕೆ ‘ಇರಬೇಕು’, ‘ಅಂತೆ’ಗಳು ಕಳಚಿ ಬಿದ್ದು, ಅವಳು ಹಣ ಮುಟ್ಟಿದಳೆಂಬುದು ನಿಶ್ಚಿತ ಸಂಗತಿಯಾಗಿ ಪಕ್ಕದ ಅಂಗಡಿಯವರೆಗೂ ತಲುಪುತ್ತದೆ.

ಬಾಗಿಲಿನೊಳಗೆ ನಡೆದದ್ದು ರಜೆಯ ಮಾತಾಗಿರಬಹುದು, ಮುಂಗಡ ಸಂಬಳದ ಕೋರಿಕೆಯಾಗಿರಬಹುದು, ಬಿಲ್ಲಿನ ಒಂದು ತಪ್ಪೂ ಆಗಿರಬಹುದು. ಚಹಾ ಕುಡಿಯುತ್ತ ಮಾತನಾಡಿದ ಯಾರಿಗೂ ಅದು ತಿಳಿದಿರಲಿಲ್ಲ. ಅವರಿಗಿದ್ದ ಆಧಾರ ಒಂದು ಹುಬ್ಬು ಮತ್ತು ಒಂದು ಕಣ್ಣೀರು ಮಾತ್ರ.

ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕರ ಸತ್ಯವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ಹೇಳುವಾಗ ಇದಕ್ಕೊಂದು ಹೆಸರನ್ನೇ ಕೊಡುತ್ತದೆ: ಸಾಕಾರಮಂತ್ರಭೇದ. ‘ಆಕಾರ’ವೆಂದರೆ ಇಲ್ಲಿ ಮುಖಭಾವ, ಹುಬ್ಬಿನ ಚಲನೆ, ಅಂಗಚೇಷ್ಟೆ, ‘ಮಂತ್ರ’ವೆಂದರೆ ಗುಟ್ಟಿನ ಸಮಾಲೋಚನೆ. ಇತರರ ಮುಖಚರ್ಯೆಯಿಂದ ಅವರ ಒಳಗಿನ ಮಾತನ್ನು ಊಹಿಸಿ, ಅಸೂಯೆಯಿಂದಲೋ ದ್ವೇಷದಿಂದಲೋ ಅದನ್ನು ಹೊರಗೆ ಹರಡುವುದೇ ಈ ಅತಿಚಾರ. ಅದೇ ಪಟ್ಟಿಯಲ್ಲಿ ರಹೋಭ್ಯಾಖ್ಯಾನವೂ ಇದೆ; ಏಕಾಂತದಲ್ಲಿ ನಡೆದದ್ದನ್ನು ಬಯಲಿಗೆ ತರುವುದು ಅದರ ಅರ್ಥ. ಗಮನಿಸಬೇಕಾದ ಸಂಗತಿಯೆಂದರೆ, ಊಹೆ ನಿಜವಾಗಿತ್ತೇ ಸುಳ್ಳಾಗಿತ್ತೇ ಎಂಬುದನ್ನು ಇಲ್ಲಿ ಕೇಳುವುದಿಲ್ಲ. ಊಹೆ ಸರಿಯಾಗಿದ್ದರೂ ಅದು ಅತಿಚಾರವೇ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ದಶವೈಕಾಲಿಕ ಸೂತ್ರವು ಮುನಿಗಳ ವಾಕ್ಶುದ್ಧಿಯನ್ನು ವಿವರಿಸುವಾಗ ಇನ್ನೂ ಮುಂದೆ ಹೋಗಿ, ಕಳ್ಳನನ್ನು ಸಹ ಕಳ್ಳನೆಂದು ಕರೆಯಬಾರದೆನ್ನುತ್ತದೆ. ಬೆನ್ನ ಹಿಂದೆ ಆಡುವ ಮಾತನ್ನು ಅದು ಬೆನ್ನಿನ ಮಾಂಸವನ್ನು ತಿನ್ನುವುದೆಂದೇ ಕರೆಯುತ್ತದೆ. ಮಾಂಸದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವ ನಾವು ಚಹಾದ ಜೊತೆಗೆ ದಿನವೂ ಏನನ್ನು ಸೇವಿಸುತ್ತಿದ್ದೇವೆ ಎಂದು ಯೋಚಿಸುವಂತೆ ಮಾಡುವ ಮಾತಿದು.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ನಾಲ್ಕನೆಯ ದಿನ ಮೊಬೈಲಿನಲ್ಲಿ ಹೊಸದೊಂದು ಗುಂಪು ಹುಟ್ಟುತ್ತದೆ; ಅದರಲ್ಲಿ ಅವಳಿಲ್ಲ. ಮೊದಮೊದಲು ಅದು ಬರೀ ತಮಾಷೆಗೆ. ಆದರೆ ಏಳರಲ್ಲಿ ಆರು ಮಂದಿ ಇರುವ ಗುಂಪು ಬಹಳ ದಿನ ತಮಾಷೆಯ ಗುಂಪಾಗಿ ಉಳಿಯುವುದಿಲ್ಲ. ಕೆಲಸದ ಮಾತೂ ಅಲ್ಲಿಗೇ ಬರುತ್ತದೆ. ಲಾರಿ ನಾಲ್ಕು ಗಂಟೆಗೆ ಬರುತ್ತದೆ, ಇಂಥ ಸರಕಿನ ದರ ಇಂದಿನಿಂದ ಬದಲಾಗಿದೆ, ಇಂಥ ಗಿರಾಕಿಗೆ ಸಾಲ ಕೊಡಬಾರದು ಎಂಬ ಸುದ್ದಿಗಳೆಲ್ಲ ಆರು ಮಂದಿಗೆ ತಿಳಿಯುತ್ತವೆ. ಬಿಲ್ಲು ಹಾಕುವವಳು ಹಳೆಯ ದರದಲ್ಲಿಯೇ ಬಿಲ್ಲು ಹಾಕುತ್ತಾಳೆ. ದಿನದ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ. ‘ನಾವು ಹೇಳಲಿಲ್ಲವೇ?’ ಎಂದು ಆರು ಮಂದಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ.

ಸಣ್ಣ ಗುಂಪಿನ ಬಹಿಷ್ಕಾರದ ನಿಜವಾದ ಕ್ರೌರ್ಯ ಇಲ್ಲಿದೆ. ಗಾಳಿಮಾತು ಒಬ್ಬರನ್ನು ಹೊರಗಿಡುತ್ತದೆ. ಹೊರಗಿಟ್ಟದ್ದರಿಂದ ಅವರಿಗೆ ತಿಳಿಯಬೇಕಾದದ್ದು ತಿಳಿಯುವುದಿಲ್ಲ. ತಿಳಿಯದಿದ್ದುದರಿಂದ ಅವರ ಕೆಲಸ ಕೆಡುತ್ತದೆ. ಕೆಟ್ಟ ಕೆಲಸವೇ ಗಾಳಿಮಾತಿಗೆ ಪುರಾವೆಯಾಗುತ್ತದೆ. ಹೀಗೆ ಸುಳ್ಳೊಂದು ತನ್ನ ಸಾಕ್ಷ್ಯವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇದರಲ್ಲಿ ಯಾರೊಬ್ಬರೂ ದೊಡ್ಡ ಪಾಪವನ್ನೇನೂ ಮಾಡಿದಂತೆ ಕಾಣುವುದಿಲ್ಲ. ಪ್ರತಿಯೊಬ್ಬರದೂ ಒಂದೊಂದು ಸಣ್ಣ ಮೌನ, ಒಂದೊಂದು ಸಣ್ಣ ಮಾತು.

ಈಗ ಈ ಏಳು ಮಂದಿಯಲ್ಲಿ ಧರ್ಮಭೀರುವಾದ ಒಬ್ಬರಿದ್ದಾರೆಂದುಕೊಳ್ಳೋಣ. ಪ್ಯಾಕಿಂಗ್ ಮಾಡುವವರೇ ಆಗಲಿ. ಅವರು ಚಾಡಿ ಹೇಳುವವರಲ್ಲ. ಮಾತು ಶುರುವಾದೊಡನೆ ಎದ್ದು ಹೋಗುತ್ತಾರೆ. ಎರಡು ವಾರಗಳಲ್ಲಿ ಚಹಾಕ್ಕೆ ಕರೆಯುವುದನ್ನೂ ಉಳಿದವರು ಬಿಡುತ್ತಾರೆ. ‘ನನಗೆ ಯಾರ ಗೊಡವೆಯೂ ಬೇಡ, ನಾನು ಮಧ್ಯಸ್ಥನಾಗಿದ್ದೇನೆ’ ಎಂದು ಅವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಲಾರಿಯ ಸುದ್ದಿ, ದರದ ಸುದ್ದಿ ಅವರಿಗೂ ತಿಳಿದಿತ್ತು. ಅವರೂ ಬಿಲ್ಲಿನ ಮೇಜಿಗೆ ಅದನ್ನು ತಲುಪಿಸಲಿಲ್ಲ. ಇದನ್ನು ಮಾಧ್ಯಸ್ಥ್ಯವೆನ್ನಬಹುದೇ?

ಉತ್ತರವನ್ನು ಅದೇ ತತ್ತ್ವಾರ್ಥಸೂತ್ರದ ಅದೇ ಅಧ್ಯಾಯ ಕೊಡುತ್ತದೆ. ಅಲ್ಲಿ ಮಾಧ್ಯಸ್ಥ್ಯವು ಒಂಟಿಯಾಗಿ ಬರುವುದಿಲ್ಲ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂದು ನಾಲ್ಕು ಭಾವನೆಗಳು, ಪ್ರತಿಯೊಂದಕ್ಕೂ ಅದರದರ ಪಾತ್ರ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶದಲ್ಲಿರುವವರಲ್ಲಿ ಕಾರುಣ್ಯ, ತಿದ್ದಲು ಬಾರದ ಅವಿನೀತರಲ್ಲಿ ಮಾಧ್ಯಸ್ಥ್ಯ. ಅಮಿತಗತಿ ಆಚಾರ್ಯರ ಸಾಮಾಯಿಕ ಪಾಠವನ್ನು ಓದುವವರಿಗೆ ಈ ನಾಲ್ಕು ಆರಂಭದಲ್ಲಿಯೇ ಎದುರಾಗುತ್ತವೆ. ಕ್ರಮವನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮಾಧ್ಯಸ್ಥ್ಯ ನಾಲ್ಕನೆಯದು, ಮೂರನ್ನು ಆಚರಿಸಿದ ಮೇಲೆ ಉಳಿದವರಿಗೆ ಮೀಸಲಾದದ್ದು. ಹೊರಗೆ ನಿಂತು ನೋಯುತ್ತಿರುವ ಸಹೋದ್ಯೋಗಿಯ ವಿಷಯದಲ್ಲಿ ಸಲ್ಲಬೇಕಾದದ್ದು ಕಾರುಣ್ಯ. ಆಕೆಯ ವಿಷಯದಲ್ಲಿ ಮಧ್ಯಸ್ಥನಾಗಿದ್ದೇನೆ ಎನ್ನುವವನು ಪಾತ್ರವನ್ನು ತಪ್ಪಾಗಿ ಗುರುತಿಸಿದ್ದಾನೆ.

ಆದ್ದರಿಂದ ತಟಸ್ಥತೆಯನ್ನು ತೀರ್ಪಿನಲ್ಲಿ ಇರಿಸಿಕೊಳ್ಳಬೇಕೇ ಹೊರತು ಸಂಬಂಧದಲ್ಲಿ ಅಲ್ಲ. ‘ಅವಳು ಹಣ ಮುಟ್ಟಿದಳೋ ಇಲ್ಲವೋ ನನಗೆ ತಿಳಿಯದು’ ಎಂಬುದು ತೀರ್ಪಿನ ತಟಸ್ಥತೆ, ಅದು ಪ್ರಾಮಾಣಿಕವಾದದ್ದು. ‘ಆದ್ದರಿಂದ ನಾನು ಅವಳೊಡನೆ ಮಾತನಾಡುವುದಿಲ್ಲ, ಅವರೊಡನೆಯೂ ಮಾತನಾಡುವುದಿಲ್ಲ’ ಎಂಬುದು ಸಂಬಂಧವನ್ನೇ ಕಡಿದುಕೊಳ್ಳುವುದು. ಏಳು ಮಂದಿಯ ಗುಂಪಿನಲ್ಲಿ ಅದು ಬಹುಮತದ ಕಡೆಗೆ ಬಿದ್ದ ಒಂದು ಮತವೇ ಆಗುತ್ತದೆ.

ಹಾಗಾದರೆ ಆ ಅಂಗಡಿಯಲ್ಲಿ ಮಧ್ಯಸ್ಥನು ಏನು ಮಾಡಬೇಕು? ಮೊದಲನೆಯದಾಗಿ, ಕೆಲಸದ ಸುದ್ದಿಯನ್ನು ಯಾರಿಂದಲೂ ತಡೆಹಿಡಿಯಬಾರದು. ‘ಅಕ್ಕಾ, ಇವತ್ತಿನಿಂದ ಆ ಸರಕಿಗೆ ಹೊಸ ದರ, ನೋಡಿಕೊಳ್ಳಿ’ ಎಂಬ ಒಂದು ವಾಕ್ಯ ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ. ಆದರೆ ಸುಳ್ಳು ತನ್ನ ಪುರಾವೆಯನ್ನು ಹುಟ್ಟಿಸಿಕೊಳ್ಳುವ ಸರಪಳಿಯನ್ನು ಅದು ನಡುವಿನಲ್ಲೇ ತುಂಡರಿಸುತ್ತದೆ. ಬಹಿಷ್ಕಾರವು ನಿಂತಿರುವುದು ಈ ಕೊಂಡಿಯ ಮೇಲೆಯೇ. ಅವಳ ಪರವಾಗಿ ವಾದಿಸುವ ಧೈರ್ಯ ಎಲ್ಲರಿಗೂ ಇರಲಾರದು. ದರವನ್ನು ತಿಳಿಸಲು ಅಷ್ಟು ಧೈರ್ಯ ಬೇಕಾಗುವುದಿಲ್ಲ.

ಎರಡನೆಯದಾಗಿ, ಚಹಾವನ್ನು ಬಿಡಬಾರದು. ಜೈನಾಗಮವು ಮಾತಿನ ವಿಷಯದಲ್ಲಿ ಎರಡು ಶಿಸ್ತುಗಳನ್ನು ಹೇಳುತ್ತದೆ. ಮಾತನ್ನೇ ತಡೆಯುವುದು ವಚನಗುಪ್ತಿ. ಆಡಬೇಕಾದಾಗ ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ಆಡುವುದು ಭಾಷಾಸಮಿತಿ. ಮುನಿಗಳಿಗೂ ಗುಪ್ತಿಯೊಂದನ್ನೇ ವಿಧಿಸಿ ಬಿಟ್ಟಿಲ್ಲ. ಲೋಕದೊಡನೆ ವ್ಯವಹರಿಸುವಾಗ ಸಮಿತಿಯೂ ಬೇಕು. ಗೃಹಸ್ಥನಿಗಂತೂ ದಿನವೆಲ್ಲ ಸಮಿತಿಯದೇ ಕೆಲಸ. ನಿಂದೆ ಆರಂಭವಾದಾಗ ಎದ್ದು ಹೋದರೆ ಉಳಿದವರಿಗೆ ಅದು ತಮ್ಮ ಮೇಲೆ ಕೊಟ್ಟ ತೀರ್ಪಿನಂತೆ ಕಾಣುತ್ತದೆ, ಮತ್ತು ಮುಂದಿನ ಮಾತು ಎದ್ದು ಹೋದವರ ಮೇಲೆಯೇ ತಿರುಗುತ್ತದೆ. ಕುಳಿತಲ್ಲಿಯೇ, ದನಿಯೇರಿಸದೆ, ‘ಒಳಗೆ ಏನಾಯಿತೋ ನಾವ್ಯಾರೂ ಕೇಳಿಲ್ಲವಲ್ಲ ಅಣ್ಣಾ’ ಎಂದು ಒಮ್ಮೆ ಹೇಳಿ ಬೇರೆ ವಿಷಯಕ್ಕೆ ಹೊರಳಿದರೆ ಸಾಕು. ಮರುದಿನವೂ ಅದೇ ಮಾತು ಬಂದರೆ ಮರುದಿನವೂ ಅಷ್ಟೇ ಹೇಳುವುದು. ಕೇಳುವ ಕಿವಿಯಿಂದ ಬೆಚ್ಚಗಿನ ಪ್ರತಿಕ್ರಿಯೆ ಸಿಗದ ಕಡೆ ಚಾಡಿಗೆ ಉತ್ಸಾಹ ಉಳಿಯುವುದಿಲ್ಲ. ಆದರೆ ಊರಿನ ಸುದ್ದಿ, ಮನೆಯ ಮಕ್ಕಳ ಓದು, ಮಳೆ, ವ್ಯಾಪಾರ, ಇವುಗಳ ಮಾತಿನಲ್ಲಿ ಮೊದಲಿನಂತೆಯೇ ಬೆರೆಯಬೇಕು. ಚಾಡಿಯನ್ನು ಬಿಟ್ಟವನು ಜನರನ್ನು ಬಿಟ್ಟಿಲ್ಲವೆಂಬುದು ಉಳಿದ ಐವರಿಗೂ ತಿಳಿಯಬೇಕು.

ಮೂರನೆಯದು ಪ್ರಮೋದ. ಎದುರಿಗಿಲ್ಲದವರ ಒಂದು ನಿಜವಾದ ಒಳ್ಳೆಯ ಗುಣವನ್ನು ಸಂದರ್ಭ ಬಂದಾಗ ಹೇಳುವುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಪರನಿಂದೆ ಮತ್ತು ಆತ್ಮಪ್ರಶಂಸೆಗಳನ್ನು, ಇತರರ ಇರುವ ಗುಣವನ್ನು ಮುಚ್ಚಿ ತನ್ನ ಇಲ್ಲದ ಗುಣವನ್ನು ತೋರುವುದನ್ನು ನೀಚಗೋತ್ರಕರ್ಮದ ಆಸ್ರವಕ್ಕೆ ಕಾರಣವೆಂದು ಹೇಳಿ, ಅದರ ವಿಪರ್ಯಯವನ್ನು ಉಚ್ಚಗೋತ್ರಕ್ಕೆ ಕಾರಣವೆನ್ನುತ್ತದೆ. ಎಂದರೆ, ಗುಣವನ್ನು ಕಂಡೂ ಸುಮ್ಮನಿರುವುದು ಸಹ ಒಂದು ಬಗೆಯ ಮುಚ್ಚುವಿಕೆಯೇ. ‘ಕಳೆದ ದೀಪಾವಳಿಯ ನೂಕುನುಗ್ಗಲಿನಲ್ಲಿ ಅವಳೊಬ್ಬಳೇ ಅಷ್ಟೂ ಬಿಲ್ಲು ಹಾಕಿದ್ದಳು’ ಎಂಬುದು ನಿಜವಾಗಿದ್ದರೆ ಅದನ್ನು ಹೇಳಲು ಹಿಂಜರಿಯಬೇಕಾಗಿಲ್ಲ. ನೆನಪಿಡಬೇಕಾದದ್ದಿಷ್ಟೆ: ಚಾಡಿಯಾಡುವವನಲ್ಲಿಯೂ ಹೇಳತಕ್ಕ ಗುಣವೊಂದಿರುತ್ತದೆ, ಅದನ್ನೂ ಅಷ್ಟೇ ಸಹಜವಾಗಿ ಹೇಳಬೇಕು. ಒಬ್ಬಳನ್ನೇ ಹೊಗಳುತ್ತಿದ್ದರೆ ಅದು ಪಕ್ಷವಾಗುತ್ತದೆ.

ಇಷ್ಟಾದ ಮೇಲೂ ಒಬ್ಬನು ತನ್ನ ಚಟವನ್ನು ಬಿಡದಿದ್ದರೆ, ಅವನೇ ನಾಲ್ಕನೆಯ ಭಾವನೆಯ ಪಾತ್ರ. ಅವನನ್ನು ತಿದ್ದುವ ಹಟವನ್ನು ಬಿಡುವುದು, ಅವನ ಮೇಲೆ ದ್ವೇಷವನ್ನು ಬೆಳೆಸದಿರುವುದು, ಅವನ ಚಾಡಿತನವನ್ನೇ ಮತ್ತೊಬ್ಬರ ಮುಂದೆ ಚಾಡಿಯಾಗಿ ಹೇಳದಿರುವುದು. ಕೊನೆಯದು ಬಹಳ ಮಂದಿ ಎಡವುವ ಜಾಗ. ಹೊರಗಾದವಳನ್ನು ಸಂತೈಸಲು ಹೋಗಿ, ‘ನಿನ್ನ ಬಗ್ಗೆ ಅವನು ಹೀಗೆಂದ, ಇವನು ಹೀಗೆಂದ’ ಎಂದು ಒಪ್ಪಿಸಿ ಬಂದರೆ ಕಾರುಣ್ಯದ ಹೆಸರಿನಲ್ಲಿ ಪೈಶುನ್ಯವೇ ನಡೆದಂತಾಯಿತು. ಅವಳ ಪಕ್ಕದಲ್ಲಿ ಕುಳಿತು ಊಟದ ಡಬ್ಬಿ ಬಿಚ್ಚುವುದರಿಂದ ಸಿಗುವ ಸಮಾಧಾನವನ್ನು ಈ ವರದಿಗಳು ಕೊಡಲಾರವು.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ತಪ್ಪು ನಿಜವಾಗಿಯೂ ನಡೆದಿದ್ದರೆ? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಇತರರ ದೋಷವನ್ನು ಬೀದಿಗೆ ಹಾಕದೆ ಮುಚ್ಚುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ಉದಾಹರಣೆಯಾಗಿ ಹೆಸರಿಸಿರುವುದು ಜಿನೇಂದ್ರಭಕ್ತನನ್ನು. ಅವನು ತಾಮ್ರಲಿಪ್ತಿಯ ಒಬ್ಬ ವರ್ತಕ. ಅವನ ಮನೆಯ ಜಿನಾಲಯದಲ್ಲಿ ಪಾರ್ಶ್ವನಾಥನ ಬಿಂಬದ ಮೇಲಿನ ಕೊಡೆಗೆ ಅಮೂಲ್ಯವಾದ ರತ್ನವೊಂದಿತ್ತು. ಕಳ್ಳನೊಬ್ಬನು ಕ್ಷುಲ್ಲಕನ ವೇಷ ಧರಿಸಿ ಬಂದು, ವರ್ತಕನ ವಿಶ್ವಾಸ ಗಳಿಸಿ, ಒಂದು ರಾತ್ರಿ ಆ ರತ್ನವನ್ನು ಕದ್ದೊಯ್ದ. ಹೊಳಪನ್ನು ಕಂಡ ಕಾವಲುಗಾರರು ಬೆನ್ನಟ್ಟಿದಾಗ ಓಡಲಾರದೆ ವರ್ತಕನನ್ನೇ ಮರೆಹೊಕ್ಕ. ಜಿನೇಂದ್ರಭಕ್ತನು ಕಾವಲುಗಾರರಿಗೆ, ತಾನು ಹೇಳಿದ್ದರಿಂದಲೇ ಅವನು ಅದನ್ನು ತಂದನೆಂದು ಹೇಳಿ ಕಳುಹಿಸಿದ. ಒಬ್ಬನ ದುಷ್ಕೃತ್ಯದಿಂದ ಧರ್ಮಕ್ಕೇ ಅಪವಾದ ಬರಬಾರದೆಂಬುದು ಅವನ ಉದ್ದೇಶ.

ಕಥೆಯ ಈ ಭಾಗವನ್ನಷ್ಟೇ ನೆನಪಿಟ್ಟುಕೊಂಡು ನಾವು ಉಪಗೂಹನವನ್ನು ತಪ್ಪು ಮುಚ್ಚಿಹಾಕುವ ಪರವಾನಗಿ ಎಂದುಕೊಳ್ಳುವುದುಂಟು. ಮುಂದಿನ ಭಾಗವೂ ಅಷ್ಟೇ ಮುಖ್ಯ. ಕಾವಲುಗಾರರು ಹೋದ ಮೇಲೆ ವರ್ತಕನು ಆ ಕಪಟಿಯನ್ನು ಏಕಾಂತದಲ್ಲಿ ಕಟುವಾಗಿ ಖಂಡಿಸಿ ಮನೆಯಿಂದ ಹೊರಗೆ ಕಳುಹಿಸಿದ. ಮುಚ್ಚಿದ್ದು ಬೀದಿಯ ಬಾಯಿಯಿಂದ, ತಿದ್ದುವ ಹೊಣೆಯಿಂದಲ್ಲ. ಎಂಟು ಅಂಗಗಳ ಪಟ್ಟಿಯಲ್ಲಿ ಉಪಗೂಹನದ ಬೆನ್ನಿಗೇ ಸ್ಥಿತಿಕರಣ, ಎಂದರೆ ಜಾರಿದವರನ್ನು ಮತ್ತೆ ನೆಲೆಗೆ ನಿಲ್ಲಿಸುವುದು, ಅದರ ನಂತರ ವಾತ್ಸಲ್ಯ ಬರುತ್ತವೆ. ಮುಚ್ಚಿದರೆ ಸಾಲದು, ನಿಲ್ಲಿಸಬೇಕು. ನಿಲ್ಲಿಸಿದವರನ್ನು ಒಳಗೆ ಸೇರಿಸಿಕೊಳ್ಳಬೇಕು.

ಮಾಮೂಲ್‌ಪೇಟೆಯ ಅಂಗಡಿಗೆ ಇದನ್ನು ಅನ್ವಯಿಸಿದರೆ ದಾರಿ ಕಾಣುತ್ತದೆ. ಲೆಕ್ಕದಲ್ಲಿ ನಿಜವಾಗಿಯೂ ವ್ಯತ್ಯಾಸವಿದ್ದರೆ ಅದನ್ನು ಕಂಡವರು ಹೇಳಬೇಕಾದದ್ದು ಇಬ್ಬರಿಗೆ ಮಾತ್ರ: ಮೊದಲು ಸಂಬಂಧಪಟ್ಟವಳಿಗೆ, ಅದರಿಂದ ಸರಿಯಾಗದಿದ್ದರೆ ಮಾಲೀಕರಿಗೆ. ತಿದ್ದುವ ಅಧಿಕಾರವಿಲ್ಲದ ಮೂರನೆಯ ಕಿವಿಗೆ ಅದು ತಲುಪಿದ ಕ್ಷಣವೇ ದೂರು ನಿಂದೆಯಾಗುತ್ತದೆ. ದೂರನ್ನೂ ಚಾಡಿಯನ್ನೂ ಬೇರ್ಪಡಿಸಲು ಇದಕ್ಕಿಂತ ಸರಳವಾದ ಅಳತೆಗೋಲಿಲ್ಲ.

ಕೆಲವು ಸಂಗತಿಗಳನ್ನಂತೂ ಉಪಗೂಹನದ ಹೆಸರಿನಲ್ಲಿ ಮುಚ್ಚುವಂತೆಯೇ ಇಲ್ಲ. ಗಾಳಿಮಾತು ಹೆಣ್ಣುಮಗಳ ಶೀಲದ ಕಡೆಗೆ ತಿರುಗಿ, ಅಶ್ಲೀಲ ಮಾತು, ಚೇಷ್ಟೆಗಳಾಗಿ ಬೆಳೆದರೆ ಅದು ಕಿರುಕುಳ. ಉದ್ಯೋಗಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕೇಂದ್ರ ಕಾಯ್ದೆಯು 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿಯನ್ನು ಕಡ್ಡಾಯಗೊಳಿಸಿದೆ. ನಮ್ಮ ಪೇಟೆಯ ಬಹಳಷ್ಟು ಅಂಗಡಿಗಳಲ್ಲಿ ಅಷ್ಟು ಜನರಿರುವುದಿಲ್ಲ. ಅಂಥವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡುವ ಹಕ್ಕಿದೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ದೂರಿನ ವಿವರವನ್ನೂ ದೂರಿತ್ತವರ ಹೆಸರನ್ನೂ ಬಹಿರಂಗಪಡಿಸಬಾರದೆಂದು ಅದೇ ಕಾಯ್ದೆ ವಿಧಿಸುತ್ತದೆ. ಸಂಕಟದಲ್ಲಿರುವವಳಿಗೆ ಈ ದಾರಿಯನ್ನು ತಿಳಿಸುವುದು, ಬೇಕಾದರೆ ಜೊತೆಗೆ ಹೋಗುವುದು ಕಾರುಣ್ಯದ ಕೆಲಸ. ಅಲ್ಲಿ ಮಧ್ಯಸ್ಥನಾಗಿ ನಿಲ್ಲಲು ಶಾಸ್ತ್ರದಲ್ಲಿ ಆಧಾರವಿಲ್ಲ.

ಮಧ್ಯಸ್ಥನು ತನ್ನನ್ನೂ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾನವು ಸದಾಚಾರದ ಜೊತೆಯಲ್ಲಿಯೇ ಒಳಗೆ ಬರುತ್ತದೆ. ‘ಇವರೆಲ್ಲ ಹೀಗೆ, ನಾನು ಹಾಗಲ್ಲ’ ಎಂಬ ಭಾವ ಮೂಡಿದರೆ ಅದು ಆತ್ಮಪ್ರಶಂಸೆಯ ಮೌನರೂಪ. ಅದನ್ನು ಗುರುತಿಸಲು ಹೊರಗಿನ ಲಕ್ಷಣಗಳಿವೆ. ನಾನು ಹತ್ತಿರ ಬಂದೊಡನೆ ಮಾತು ನಿಂತುಹೋಗುತ್ತದೆಯೇ? ಕಷ್ಟಬಂದಾಗ ಇವರಲ್ಲಿ ಯಾರಾದರೂ ನನ್ನ ಬಳಿಗೆ ಬರುತ್ತಾರೆಯೇ? ನಾನು ಕೊನೆಯ ಬಾರಿ ಯಾರಿಂದ ಒಂದು ಸಹಾಯವನ್ನು ಕೇಳಿ ಪಡೆದೆ? ನಿಂದೆ ನಿಂತಿದೆ, ಜನರೂ ದೂರವಾಗಿದ್ದಾರೆ ಎಂದಾದರೆ ಬಿಟ್ಟದ್ದು ಚಾಡಿಯನ್ನಷ್ಟೇ ಅಲ್ಲ, ಮೈತ್ರಿಯನ್ನೂ ಬಿಟ್ಟಿದ್ದೇವೆ. ಎರಡೂ ಕಡೆಯವರು ತಮ್ಮ ಮನೆಯ ಕಷ್ಟವನ್ನು ನಂಬಿ ಹೇಳಿಕೊಳ್ಳುತ್ತಿದ್ದಾರೆ, ಹೇಳಿದ್ದು ಇನ್ನೊಂದು ಕಡೆಗೆ ಹೋಗುತ್ತಿಲ್ಲ ಎಂದಾದರೆ ಮಾಧ್ಯಸ್ಥ್ಯ ತನ್ನ ನೆಲೆಯಲ್ಲಿದೆ.

ಸಾಮಾಯಿಕಕ್ಕೆ ಕುಳಿತುಕೊಳ್ಳುವ 48 ನಿಮಿಷಗಳ ಸಮತೆಯು ಆಸನದಿಂದ ಎದ್ದ ಮೇಲೆ ಪರೀಕ್ಷೆಗೆ ಒಳಗಾಗುವುದು ಇಂಥ ಕಡೆಗಳಲ್ಲಿಯೇ. ಪರ್ಯುಷಣದ ಕೊನೆಗೆ, ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಣಿಯ ದಿನ ನಾವು ಬಂಧುಗಳಿಗೆ, ಗೆಳೆಯರಿಗೆ, ವ್ಯಾಪಾರದ ಹಿತೈಷಿಗಳಿಗೆ ಕೈಮುಗಿದು ಕ್ಷಮೆ ಯಾಚಿಸುತ್ತೇವೆ. ಮೊಬೈಲಿನಲ್ಲಿ ಒಂದೇ ಸಂದೇಶ ನೂರಾರು ಮಂದಿಗೆ ಹೋಗುತ್ತದೆ. ನಾವು ಸೇರಿಸದೆ ಬಿಟ್ಟ ಗುಂಪಿನ ಆ ಏಳನೆಯವರಿಗೆ ಮಾತ್ರ ಅದು ತಲುಪುವುದಿಲ್ಲ. ಅವರ ಮೇಜಿನ ಬಳಿಗೆ ನಾವಾಗಿಯೇ ನಡೆದು ಹೋಗಬೇಕಾಗುತ್ತದೆ. ಅದಕ್ಕೆ ಪರ್ವದ ದಿನಕ್ಕಾಗಿ ಕಾಯಬೇಕಾದುದಿಲ್ಲ.